ರಾತ್ರಿ ಎಂಟರ ನಿರ್ಧಾರ, ಹಗಲಿನ ವಹಿವಾಟು: ನೌಕರಿಯವರ ಒಂದು ಪುಟದ ಟ್ರೇಡಿಂಗ್ ಯೋಜನೆ

ಷೇರುಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಆ ಹೊತ್ತಿನಲ್ಲಿ ನೌಕರಿಯವರು ಮೀಟಿಂಗಿನಲ್ಲೋ ಕೌಂಟರಿನಲ್ಲೋ ತರಗತಿಯಲ್ಲೋ ಇರುತ್ತಾರೆ. ಕಚೇರಿಯ ಶೌಚಾಲಯದಲ್ಲಿ ಮೊಬೈಲ್ ತೆರೆದು ಎರಡೇ ನಿಮಿಷದಲ್ಲಿ ಮಾಡುವ ಖರೀದಿ, ಮಾರಾಟಗಳೇ ಇವರ ಖಾತೆಗೆ ಹೆಚ್ಚು ಹೊಡೆತ ಕೊಡುತ್ತವೆ. ದಿನದ ಚಾರ್ಟ್ ನೋಡಿ ವಹಿವಾಟು ಮಾಡುವವರಿಗೆ ಇದರ ಅಗತ್ಯವೇ ಇಲ್ಲ. ಆ ಚಾರ್ಟಿನಲ್ಲಿ ದಿನಕ್ಕೆ ಮೂಡುವುದು ಒಂದೇ ಕ್ಯಾಂಡಲ್, ಅದು ಪೂರ್ಣವಾಗುವುದು ಪೇಟೆ ಮುಚ್ಚಿದ ಮೇಲೆ. ಹಾಗಾಗಿ ಎಲ್ಲ ನಿರ್ಧಾರವನ್ನೂ ರಾತ್ರಿ ಮಾಡಿ, ಹಗಲಿನಲ್ಲಿ ಅದನ್ನು ನಡೆಸುವ ಹೊಣೆಯನ್ನು ಮೊದಲೇ ಹಾಕಿಟ್ಟ ಆರ್ಡರ್‌ಗೆ ಬಿಡಬೇಕು. ಇಲ್ಲಿ ಹೇಳುವ ಯೋಜನೆ ನಿಂತಿರುವುದು ಇದೊಂದೇ ನಿಯಮದ ಮೇಲೆ.

ಬರೆಯಲು ಕೂರುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 16ನೇ ನಿಯಮವು ಷೇರು ಸಟ್ಟಾ ವ್ಯವಹಾರವನ್ನು ನಿಷೇಧಿಸುತ್ತದೆ. ಪದೇ ಪದೇ ಕೊಂಡು ಮಾರುವುದನ್ನೂ ಅದು ಸಟ್ಟಾ ಎಂದೇ ಪರಿಗಣಿಸುತ್ತದೆ. ಆಗೊಮ್ಮೆ ಈಗೊಮ್ಮೆ ಮಾಡುವ ಹೂಡಿಕೆಗೆ ಅಡ್ಡಿಯಿಲ್ಲ, ಆದರೆ ಇಲ್ಲಿ ಹೇಳುವಂಥ ವಹಿವಾಟು ಅವರಿಗಲ್ಲ. ರಾಜ್ಯ ಸರ್ಕಾರದ ಮತ್ತು ಬ್ಯಾಂಕುಗಳ ನೌಕರರು ತಮ್ಮ ಸೇವಾ ನಿಯಮಗಳನ್ನು ಓದಿಕೊಳ್ಳಬೇಕು. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯಲ್ಲಿರುವವರು ತಮ್ಮ ಕಂಪನಿಯ ಷೇರನ್ನು ಈ ಯೋಜನೆಯಿಂದ ಹೊರಗಿಡುವುದು ಕ್ಷೇಮ.

ಪುಟದ ಮೊದಲ ಸಾಲಿನಲ್ಲಿ ಏನನ್ನು ಮಾತ್ರ ಮುಟ್ಟುತ್ತೇನೆ ಎಂಬುದನ್ನು ಬರೆಯಿರಿ. ನನ್ನ ಶಿಫಾರಸು ನಿಫ್ಟಿ 100ರ ಷೇರುಗಳು, ಅದೂ ಡೆಲಿವರಿಯಲ್ಲಿ, ಸ್ವಂತ ಹಣದಲ್ಲಿ. ಇಂಟ್ರಾಡೇ ಬೇಡ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬೇಡ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಮಾಡಿಕೊಂಡಿದ್ದಾರೆ ಎಂದು ಸೆಬಿಯ ಅಧ್ಯಯನ ಹೇಳಿದೆ. ಹಗಲಿಡೀ ಪರದೆಯ ಮುಂದೆ ಕೂರಲಾಗದವರಿಗೆ ಆ ಕಣ ಇನ್ನೂ ಕಠಿಣ.

ಎರಡನೆಯದು ಕೊಳ್ಳುವ ನಿಯಮ. ಇದು ಇನ್ನೊಬ್ಬರು ಓದಿದರೂ ಅದೇ ಷೇರನ್ನು ಆರಿಸುವಷ್ಟು ಸ್ಪಷ್ಟವಾಗಿರಬೇಕು. ‘ಚೆನ್ನಾಗಿ ಕಂಡರೆ ಕೊಳ್ಳುವುದು’ ಎಂಬುದು ನಿಯಮವಲ್ಲ. ಉದಾಹರಣೆಗೆ ಹೀಗೆ ಬರೆಯಬಹುದು: ಷೇರಿನ ಬೆಲೆ 50 ದಿನಗಳ ಸರಾಸರಿಗಿಂತ ಮೇಲಿರಬೇಕು, ಆ ಸರಾಸರಿ 200 ದಿನಗಳ ಸರಾಸರಿಗಿಂತ ಮೇಲಿರಬೇಕು, ಏರಿದ ಬೆಲೆ ಇಳಿದು 20 ದಿನಗಳ ಸರಾಸರಿಯನ್ನು ಮುಟ್ಟಿರಬೇಕು, ಆಮೇಲೆ ಒಂದು ದಿನ ಹಿಂದಿನ ದಿನದ ಗರಿಷ್ಠ ಬೆಲೆಗಿಂತ ಮೇಲೆ ಮುಚ್ಚಬೇಕು. ಹಾಗೆ ಮುಚ್ಚಿದ ದಿನದ ಗರಿಷ್ಠ ಬೆಲೆಗಿಂತ ಒಂದು ರೂಪಾಯಿ ಮೇಲಕ್ಕೆ ಖರೀದಿ ಆರ್ಡರ್. ಮೂರು ದಿನಗಳಲ್ಲಿ ಆ ಬೆಲೆ ಬರದಿದ್ದರೆ ರದ್ದು. ಕಂಪನಿಯ ತ್ರೈಮಾಸಿಕ ಫಲಿತಾಂಶಕ್ಕೆ ಒಂದು ವಾರವೂ ಉಳಿದಿಲ್ಲವಾದರೆ ಆ ಷೇರಿಗೆ ಕೈಹಾಕುವಂತಿಲ್ಲ. ಈ ನಿಯಮವೇ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ಇದು ಸ್ಪಷ್ಟವಾಗಿದೆ, ಹಾಗಾಗಿ ಫಲ ಕೊಡುತ್ತದೋ ಇಲ್ಲವೋ ಎಂದು ಮುಂದೆ ಅಳೆದು ನೋಡಬಹುದು.

ಮೂರನೆಯದು ಎಷ್ಟು ಷೇರು ಕೊಳ್ಳಬೇಕು ಎಂಬ ಲೆಕ್ಕ. ಪುಟದ ಜೀವ ಇರುವುದು ಇಲ್ಲಿ. ಹೆಚ್ಚಿನವರು ‘ಖಾತೆಯಲ್ಲಿ ಐವತ್ತು ಸಾವಿರ ಇದೆ, ಅಷ್ಟಕ್ಕೆ ಎಷ್ಟು ಷೇರು ಬರುತ್ತದೆ’ ಎಂದು ಯೋಚಿಸುತ್ತಾರೆ. ಲೆಕ್ಕ ಶುರುವಾಗಬೇಕಾದದ್ದು ಮತ್ತೊಂದು ತುದಿಯಿಂದ: ಈ ನಿರ್ಧಾರ ತಪ್ಪಾದರೆ ನಾನು ಎಷ್ಟು ಕಳೆದುಕೊಳ್ಳಲು ತಯಾರಿದ್ದೇನೆ? ಒಂದು ವಹಿವಾಟಿಗೆ ಬಂಡವಾಳದ ಶೇ 1ರಷ್ಟು ಸಾಕು.

ತಿಂಗಳ ಸಂಬಳದಲ್ಲಿ ಮನೆ ನಡೆಸಿ, ತುರ್ತು ಖರ್ಚಿನ ಹಣವನ್ನು ಬೇರೆ ಇಟ್ಟು, ಟ್ರೇಡಿಂಗಿಗೆಂದೇ 1,50,000 ರೂಪಾಯಿ ತೆಗೆದಿಟ್ಟವರೊಬ್ಬರು ಇದ್ದಾರೆ ಎಂದುಕೊಳ್ಳೋಣ. ಒಂದು ವಹಿವಾಟಿನಲ್ಲಿ ಅವರು ಕಳೆದುಕೊಳ್ಳಬಹುದಾದದ್ದು 1,500 ರೂಪಾಯಿ. ಅವರು ಗಮನಿಸುತ್ತಿದ್ದ ಷೇರೊಂದು 430ರವರೆಗೆ ಏರಿ, 390ಕ್ಕೆ ಇಳಿದು, ಮಂಗಳವಾರ ಸೋಮವಾರದ ಗರಿಷ್ಠ ಬೆಲೆಯನ್ನು ದಾಟಿ ಮುಚ್ಚಿದೆ. ಮಂಗಳವಾರದ ಗರಿಷ್ಠ 411. ಹಾಗಾದರೆ ಖರೀದಿಯ ಟ್ರಿಗರ್ 412, ಲಿಮಿಟ್ 415. ಇಳಿತದ ತಳ 390 ಆದ್ದರಿಂದ ಸ್ಟಾಪ್‌ಲಾಸ್ ಅದಕ್ಕಿಂತ ಸ್ವಲ್ಪ ಕೆಳಗೆ, 388ಕ್ಕೆ. ಖರೀದಿ 415ರವರೆಗೂ ಆಗಬಹುದಾದ್ದರಿಂದ ಲೆಕ್ಕವನ್ನು 412ರಿಂದಲ್ಲ, 415ರಿಂದ ಹಿಡಿಯಬೇಕು. 415ರಲ್ಲಿ 388 ಕಳೆದರೆ ಷೇರಿಗೆ 27 ರೂಪಾಯಿ ಅಪಾಯ. 1,500ನ್ನು 27ರಿಂದ ಭಾಗಿಸಿದರೆ 55 ಷೇರು. ತೊಡಗಿಸುವ ಹಣ ಹೆಚ್ಚೆಂದರೆ 22,825 ರೂಪಾಯಿ.

ಸ್ಟಾಪ್‌ಲಾಸ್ ದೂರವಿದ್ದರೆ ಷೇರುಗಳ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ, ಹತ್ತಿರವಿದ್ದರೆ ಹೆಚ್ಚಾಗುತ್ತದೆ. ಹೆಚ್ಚು ಷೇರು ಕೊಳ್ಳುವ ಆಸೆಗೆ ಸ್ಟಾಪ್‌ಲಾಸನ್ನು ಹತ್ತಿರಕ್ಕೆ ಎಳೆಯಬಾರದು; ಅದರ ಜಾಗ ಚಾರ್ಟ್ ಹೇಳಿದಲ್ಲಿ. ಒಂದೇ ಹೊತ್ತಿಗೆ ನಾಲ್ಕಕ್ಕಿಂತ ಹೆಚ್ಚು ಕಂಪನಿಗಳ ಷೇರು ಇರಬಾರದು, ಒಂದೇ ಕ್ಷೇತ್ರದ ಎರಡಕ್ಕಿಂತ ಹೆಚ್ಚು ಬೇಡ ಎಂಬ ಸಾಲನ್ನೂ ಸೇರಿಸಿ. ನಾಲ್ಕು ಬ್ಯಾಂಕ್ ಷೇರುಗಳು ಒಟ್ಟಿಗೆ ಬಿದ್ದರೆ ಅದು ಒಂದೇ ದೊಡ್ಡ ನಷ್ಟ.

ಈಗ ಆರ್ಡರ್ ಹಾಕುವ ಕ್ರಮ. ಬಹುತೇಕ ಬ್ರೋಕರ್‌ಗಳ ಆ್ಯಪ್‌ನಲ್ಲಿ ಜಿಟಿಟಿ ಎಂಬ ಸೌಲಭ್ಯವಿದೆ: ನಾವು ಹೇಳಿದ ಬೆಲೆ ಬಂದಾಗ ಮಾತ್ರ ಆರ್ಡರ್ ಪೇಟೆಗೆ ಹೋಗುತ್ತದೆ, ಅಲ್ಲಿಯವರೆಗೆ ದಿನಗಟ್ಟಲೆ ಕಾಯುತ್ತದೆ. ಮಂಗಳವಾರ ರಾತ್ರಿ ಖರೀದಿಯ ಜಿಟಿಟಿ ಹಾಕಬೇಕು. ಗುರುವಾರ ಹಗಲು 412ಕ್ಕೆ ಖರೀದಿ ಆಯಿತು ಎಂದುಕೊಳ್ಳಿ. ಅದೇ ರಾತ್ರಿ 388ರ ಮಾರಾಟದ ಜಿಟಿಟಿ ಹಾಕದೆ ಮಲಗಬಾರದು. ಕೊಂಡ ದಿನ ಸಂಜೆಯವರೆಗೆ ಸ್ಟಾಪ್‌ಲಾಸ್ ಇಲ್ಲದೆ ಇರುವುದು ಈ ಕ್ರಮದ ಒಂದು ಕೊರತೆ. ಕೆಲವು ಆ್ಯಪ್‌ಗಳಲ್ಲಿ ಖರೀದಿಯ ಜೊತೆಗೇ ಸ್ಟಾಪ್‌ಲಾಸ್ ಜೋಡಿಸಬಹುದು, ನಿಮ್ಮದರಲ್ಲಿದ್ದರೆ ಬಳಸಿ.

ಮಾರಾಟದ ಜಿಟಿಟಿ ಮೂರು ಕಡೆ ಕೈಕೊಡುತ್ತದೆ. ಮೊದಲನೆಯದು ಡಿಮ್ಯಾಟ್ ಅನುಮತಿ. ಡಿಡಿಪಿಐ ಎಂಬ ಪತ್ರಕ್ಕೆ ಸಹಿ ಮಾಡಿರದಿದ್ದರೆ ಡಿಮ್ಯಾಟ್‌ಗೆ ಬಂದ ಷೇರು ಮಾರಲು ಟಿಪಿನ್ ಮತ್ತು ಒಟಿಪಿ ಕೊಟ್ಟು ಒಪ್ಪಿಗೆ ನೀಡಬೇಕು. ನೀವು ಕಚೇರಿಯಲ್ಲಿರುವಾಗ ಬೆಲೆ 388 ಮುಟ್ಟಿದರೂ ಒಪ್ಪಿಗೆಯಿಲ್ಲದ ಕಾರಣಕ್ಕೆ ಆರ್ಡರ್ ತಿರಸ್ಕೃತವಾಗಬಹುದು. ಹಗಲು ಬಿಡುವಿಲ್ಲದವರು ಮೊದಲ ಖರೀದಿಗೆ ಮುನ್ನವೇ ಡಿಡಿಪಿಐ ಮುಗಿಸಿಕೊಳ್ಳಬೇಕು. ಎರಡನೆಯದು ಬೋನಸ್ ಅಥವಾ ಷೇರು ವಿಭಜನೆ. ಬೆಲೆಯ ಲೆಕ್ಕವೇ ಬದಲಾಗುವುದರಿಂದ ಹಳೆಯ ಜಿಟಿಟಿಗೆ ಅರ್ಥ ಉಳಿಯುವುದಿಲ್ಲ, ಹೊಸದಾಗಿ ಹಾಕಬೇಕು.

ಮೂರನೆಯದೇ ಹೆಚ್ಚು ದುಬಾರಿ. ಮಾರಾಟದ ಟ್ರಿಗರ್ 388, ಲಿಮಿಟ್ 384 ಎಂದು ಇಟ್ಟಿದ್ದೀರಿ. ಹಿಂದಿನ ದಿನ 395ಕ್ಕೆ ಮುಚ್ಚಿದ್ದ ಷೇರು ಕೆಟ್ಟ ಸುದ್ದಿಯಿಂದ ಬೆಳಿಗ್ಗೆ ನೇರ 372ಕ್ಕೇ ತೆರೆಯಿತು. ಟ್ರಿಗರ್ ಆಗುತ್ತದೆ, ಆದರೆ 384ಕ್ಕಿಂತ ಕಡಿಮೆಗೆ ಮಾರಬೇಡ ಎಂದು ನೀವೇ ಹೇಳಿದ್ದೀರಿ. ಆರ್ಡರ್ ಹಾಗೇ ಉಳಿದು ಸಂಜೆಗೆ ರದ್ದಾಗುತ್ತದೆ. ಗುರುತು ಸುಲಭ: ಜಿಟಿಟಿ ‘ಟ್ರಿಗರ್ ಆಗಿದೆ’ ಎನ್ನುತ್ತದೆ, ಷೇರು ಮಾತ್ರ ಖಾತೆಯಲ್ಲೇ ಇರುತ್ತದೆ. ‘ಇಷ್ಟು ಬಿದ್ದ ಮೇಲೆ ಈಗೇಕೆ ಮಾರಲಿ’ ಎಂಬ ಯೋಚನೆ ಆ ರಾತ್ರಿ ಬಂದೇ ಬರುತ್ತದೆ. ಅದಕ್ಕೆ ಉತ್ತರ ಪುಟದಲ್ಲಿ ಮೊದಲೇ ಇರಬೇಕು: ಮಾರನೆಯ ಬೆಳಿಗ್ಗೆಗೆ ಎಎಂಒ, ಅಂದರೆ ಪೇಟೆ ಮುಚ್ಚಿದ ಮೇಲೆ ಹಾಕುವ ಆರ್ಡರ್, ಕೊನೆಯ ಬೆಲೆಗಿಂತ ಸಾಕಷ್ಟು ಕೆಳಗಿನ ಲಿಮಿಟ್ ಇಟ್ಟು. ಲಿಮಿಟ್ ಕೆಳಗಿದ್ದರೂ ಮಾರಾಟ ಆಗುವುದು ಆಗ ಪೇಟೆಯಲ್ಲಿ ಸಿಗುವ ಒಳ್ಳೆಯ ಬೆಲೆಗೇ. 372ಕ್ಕೆ ಮಾರಾಟವಾದರೆ ನಷ್ಟ 2,200 ರೂಪಾಯಿ. ನಿಗದಿ ಮಾಡಿದ್ದ 1,500ಕ್ಕಿಂತ ಹೆಚ್ಚೇ, ಆದರೆ ಬಂಡವಾಳದ ಶೇ 1.5ರ ಒಳಗೇ ಇದೆ. ಶೇ 1ರ ಮಿತಿ ಇಷ್ಟು ಬಿಗಿಯಾಗಿರುವುದು ಇಂಥ ಬೆಳಗುಗಳು ಬರುತ್ತವೆ ಎಂದೇ.

ಲಾಭದಲ್ಲಿರುವಾಗ ಹೊರಬರುವುದಕ್ಕೆ ಒಂದೇ ನಿಯಮ ಸಾಕು: ದಿನದ ಮುಕ್ತಾಯ ಬೆಲೆ 20 ದಿನಗಳ ಸರಾಸರಿಗಿಂತ ಕೆಳಗಿಳಿದರೆ ಮಾರನೆಯ ಬೆಳಿಗ್ಗೆ ಮಾರಾಟ. ನಮ್ಮ ಷೇರು ಕೆಲವು ವಾರಗಳಲ್ಲಿ 482ಕ್ಕೆ ಏರಿ, ಒಂದು ದಿನ ಸರಾಸರಿ 461 ಇದ್ದಾಗ 458ಕ್ಕೆ ಮುಚ್ಚಿತು ಎನ್ನಿ. ರಾತ್ರಿ ಸ್ಟಾಪ್‌ಲಾಸಿನ ಜಿಟಿಟಿ ರದ್ದು ಮಾಡಿ ಎಎಂಒ ಹಾಕಿದರೆ, ಬೆಳಿಗ್ಗೆ 457ಕ್ಕೆ ಮಾರಾಟ, 2,475 ರೂಪಾಯಿ ಲಾಭ. 482ಕ್ಕೇ ಮಾರಬೇಕಿತ್ತು ಎಂಬ ಸಂಕಟ ಸಹಜ, ಆದರೆ ಅದೇ ತುದಿ ಎಂದು ಆ ದಿನ ಯಾರಿಗೂ ಗೊತ್ತಿರುವುದಿಲ್ಲ. ಇದರಲ್ಲಿ ಕೊಳ್ಳುವಾಗ ಮತ್ತು ಮಾರುವಾಗ ಶೇ 0.1ರಂತೆ ಎಸ್‌ಟಿಟಿ, ಮುದ್ರಾಂಕ ಶುಲ್ಕ, ಡಿಮ್ಯಾಟ್ ಶುಲ್ಕ ಸೇರಿ ಎಪ್ಪತ್ತು ರೂಪಾಯಿ ಆಸುಪಾಸು ಹೋಗುತ್ತದೆ. ಬ್ರೋಕರೇಜ್ ಇದ್ದರೆ ಅದು ಬೇರೆ. ವರ್ಷದೊಳಗೆ ಮಾರಿದ್ದರಿಂದ ಲಾಭದ ಮೇಲೆ ಶೇ 20 ತೆರಿಗೆ ಮತ್ತು ಸೆಸ್ ಇದೆ. ಅದೇ ವರ್ಷದ ನಷ್ಟಗಳನ್ನು ಅದರಲ್ಲಿ ಕಳೆಯಬಹುದು. ಸಂಬಳದವರು ರಿಟರ್ನ್ಸ್ ಸಲ್ಲಿಸುವಾಗ ಐಟಿಆರ್–1ರ ಬದಲು ಐಟಿಆರ್–2 ತುಂಬಬೇಕಾಗುತ್ತದೆ.

ಇಷ್ಟನ್ನೂ ಪುಟಕ್ಕೆ ಇಳಿಸಿದರೆ ಹೀಗಿರುತ್ತದೆ:

ಏನು: ನಿಫ್ಟಿ 100, ಡೆಲಿವರಿ ಮಾತ್ರ.
ಕೊಳ್ಳುವುದು: 50 ದಿನ ಮತ್ತು 200 ದಿನಗಳ ಷರತ್ತು, 20 ದಿನಗಳ ಸರಾಸರಿಗೆ ಇಳಿತ, ಹಿಂದಿನ ದಿನದ ಗರಿಷ್ಠ ದಾಟಿದ ಮುಕ್ತಾಯ. ಫಲಿತಾಂಶದ ವಾರ ಇಲ್ಲ.
ಎಷ್ಟು: 1,500 ÷ (ಲಿಮಿಟ್ ಬೆಲೆ – ಸ್ಟಾಪ್‌ಲಾಸ್). ಗರಿಷ್ಠ 4 ಕಂಪನಿಗಳು, ಒಂದು ಕ್ಷೇತ್ರದಲ್ಲಿ 2.
ಹೊರಬರುವುದು: ಸ್ಟಾಪ್‌ಲಾಸ್ ಅಥವಾ 20 ದಿನಗಳ ಸರಾಸರಿಯ ಕೆಳಗೆ ಮುಕ್ತಾಯ. ಸ್ಟಾಪ್‌ಲಾಸ್ ಕೆಳಕ್ಕೆ ಸರಿಸುವಂತಿಲ್ಲ.
ಯಾವಾಗ: ರಾತ್ರಿ 8ರಿಂದ 8.30. ಹಗಲು ಆ್ಯಪ್ ತೆರೆಯುವಂತಿಲ್ಲ.
ನಿಲ್ಲಿಸುವುದು: ತಿಂಗಳಲ್ಲಿ 6,000 ರೂಪಾಯಿ ನಷ್ಟವಾದರೆ ಮುಂದಿನ ತಿಂಗಳವರೆಗೆ ಹೊಸ ಖರೀದಿ ಇಲ್ಲ.

ರಾತ್ರಿಯ ಅರ್ಧ ಗಂಟೆಯಲ್ಲಿ ಮೊದಲು ನೋಡಬೇಕಾದದ್ದು ಕೈಯಲ್ಲಿರುವ ಷೇರುಗಳನ್ನು: ಪ್ರತಿಯೊಂದಕ್ಕೂ ಜೀವಂತ ಜಿಟಿಟಿ ಇದೆಯೇ, ಯಾವುದಾದರೂ ಸರಾಸರಿಯ ಕೆಳಗೆ ಮುಚ್ಚಿದೆಯೇ? ಆಮೇಲೆ ಅವಧಿ ಮುಗಿದ ಖರೀದಿ ಆರ್ಡರ್‌ಗಳನ್ನು ತೆಗೆಯುವುದು. ಹೊಸ ಷೇರು ಹುಡುಕುವುದು ಎಲ್ಲಕ್ಕಿಂತ ಕೊನೆಗೆ. ನೂರು ಚಾರ್ಟ್‌ಗಳನ್ನೂ ದಿನವೂ ತಿರುವಿ ಹಾಕಬೇಕಿಲ್ಲ. ಭಾನುವಾರ ಒಮ್ಮೆ ಎಲ್ಲ ನೋಡಿ ಹತ್ತು ಹನ್ನೆರಡನ್ನು ಆರಿಸಿಟ್ಟರೆ ವಾರಕ್ಕೆ ಆಯಿತು.

ಪುಟದ ಹಿಂಬದಿಯಲ್ಲಿ ದಾಖಲೆ ಇರಲಿ: ದಿನಾಂಕ, ಬೆಲೆ, ಸ್ಟಾಪ್‌ಲಾಸ್, ಫಲಿತಾಂಶ, ಮತ್ತು ‘ನಿಯಮದಂತೆ ನಡೆದೆನೇ’ ಎಂಬುದಕ್ಕೆ ಹೌದು ಅಥವಾ ಇಲ್ಲ. ಈ ಬಗೆಯ ನಿಯಮಗಳಲ್ಲಿ ಹತ್ತರಲ್ಲಿ ಆರು ಸೋಲುವುದು ಅಸಹಜವಲ್ಲ, ಹಾಗಾಗಿ ಇಪ್ಪತ್ತು ವಹಿವಾಟುಗಳ ನಡುವೆ ಸತತ ಐದು ಸೋಲು ಬರುವುದೂ ಅಪರೂಪವಲ್ಲ. ಐದನೇ ಸೋಲಿನ ರಾತ್ರಿ ನಿಯಮ ಬದಲಿಸಬೇಡಿ. ಇಪ್ಪತ್ತು ಮುಗಿದ ಮೇಲೆ ‘ಹೌದು’ ಎಂದಿರುವವುಗಳ ಲಾಭ, ನಷ್ಟವನ್ನು ಬೇರೆಯಾಗಿ, ‘ಇಲ್ಲ’ ಎಂದಿರುವವುಗಳದ್ದನ್ನು ಬೇರೆಯಾಗಿ ಕೂಡಿ. ನಷ್ಟ ‘ಇಲ್ಲ’ಗಳಲ್ಲೇ ತುಂಬಿದ್ದರೆ ಪುಟವನ್ನು ಮುಟ್ಟಬೇಡಿ, ಇನ್ನೂ ಇಪ್ಪತ್ತು ವಹಿವಾಟು ಅದರಂತೆಯೇ ಮಾಡಿ. ‘ಹೌದು’ಗಳೇ ನಷ್ಟದಲ್ಲಿದ್ದರೆ ಶೇ 1ರ ಬದಲು ಅರ್ಧ ಶೇಕಡಾ ಅಪಾಯಕ್ಕೆ ಇಳಿದು, ಒಂದೇ ಒಂದು ನಿಯಮವನ್ನು ಬದಲಿಸಿ, ಬದಲಿಸಿದ ದಿನಾಂಕವನ್ನು ಪಕ್ಕದಲ್ಲೇ ಬರೆಯಿರಿ.