ಬೋನಸ್ ಹಂಚುವ ಮುನ್ನ

ಗೊಬ್ಬರ, ಬೀಜ ಮಾರುವ ಕಂಪನಿಯ ಕೊಪ್ಪಳ ಜಿಲ್ಲೆಯ ತಂಡ ನಿಮ್ಮದು, ನಾಲ್ಕು ತಾಲ್ಲೂಕುಗಳಲ್ಲಿ ಒಬ್ಬೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಕಾನೂನಿನಂತೆ ಕೊಡಲೇಬೇಕಾದ ಬೋನಸ್ಸನ್ನು ಮೊದಲು ಬೇರೆ ತೆಗೆದಿಡಿ. ಅದಕ್ಕೂ ರೇಟಿಂಗಿಗೂ ಸಂಬಂಧವಿಲ್ಲ. ಅದರ ಮೇಲೆ ಹಂಚಲು 1 ಲಕ್ಷ ರೂಪಾಯಿ ಇದೆ.

ಪ್ರತಿಯೊಬ್ಬರ ತಿಂಗಳ ಸಂಬಳವನ್ನು ರೇಟಿಂಗಿನ ಅಂಕದಿಂದ ಗುಣಿಸಿ. ಗಂಗಾವತಿಯವರಿಗೆ 20,000ಕ್ಕೆ ಒಂದೂವರೆ, ಅಂದರೆ 30,000. ಕೊಪ್ಪಳದವರಿಗೆ 25,000ಕ್ಕೆ ಒಂದು, ಕುಷ್ಟಗಿಯವರಿಗೆ 15,000ಕ್ಕೆ ಒಂದು. ಯಲಬುರ್ಗಾದವರಿಗೆ 20,000ಕ್ಕೆ ಅರ್ಧ, 10,000. ಒಟ್ಟು 80,000. ಹಾಗಾಗಿ ಪ್ರತಿ ರೂಪಾಯಿಗೆ ಒಂದೂಕಾಲು: 37,500, 31,250, 18,750, 12,500.

ಜಗಳ ಹುಟ್ಟುವುದು ಗುಣಾಕಾರದಲ್ಲಲ್ಲ, ಅಂಕ ಕೊಟ್ಟ ಬಗೆಯಲ್ಲಿ. ಗಂಗಾವತಿಯಲ್ಲಿ ತುಂಗಭದ್ರಾ ಕಾಲುವೆ ನೀರು, ಭತ್ತದ ಗದ್ದೆ. ಗೊಬ್ಬರ ತಾನಾಗಿಯೇ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯ ಬಹುಪಾಲು ಮಳೆ ನಂಬಿದ್ದು. ಬರೀ ಟನ್ ಲೆಕ್ಕ ಹಿಡಿದರೆ ಮಳೆಗೇ ರೇಟಿಂಗ್ ಕೊಟ್ಟಂತೆ. ಆಯಾ ತಾಲ್ಲೂಕಿಗೆ ಬೇರೆ ಗುರಿ ಇಡಿ, ಬಾಕಿ ವಸೂಲಿಯನ್ನೂ ನೋಡಿ.

ಯಲಬುರ್ಗಾದವರನ್ನು ಒಬ್ಬರನ್ನೇ ಕೂರಿಸಿಕೊಂಡು ಹೇಳಿ: "ಮಳೆ ಕೈಕೊಟ್ಟಿದ್ದಕ್ಕೆ ಅಂಕ ಕಡಿದಿಲ್ರೀ. ಅಂಗಡಿಗಳ ಹಳೇ ಬಾಕಿ ಹಂಗೇ ಉಳದೈತಿ, ಅದಕ್ಕ ಅರ್ಧ." ಕುಷ್ಟಗಿಯವರಿಗೆ, ಕೊಪ್ಪಳದವರಷ್ಟೇ ಅಂಕ ಬಂದರೂ ಸಂಬಳ ಕಡಿಮೆಯಾದ್ದರಿಂದ ಮೊತ್ತ ಇಳಿಯಿತು ಎಂದು ತಿಳಿಸಿ. "ಮೇಲಿನವರು ಕಡಿಮೆ ಮಾಡಿದರು" ಎನ್ನಬೇಡಿ, ಅಂಕ ಕೊಟ್ಟವರು ನೀವೇ. ಕೇಳಿಕೊಂಡರೆಂದು ಒಬ್ಬರ ಅಂಕ ಏರಿಸಿದರೆ ಉಳಿದ ಮೂವರ ಪಾಲು ಇಳಿಯುತ್ತದೆ. ಅದನ್ನೂ ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸಿ.