ಹದಿನೈದು ಲಕ್ಷ ಉಳಿಸಿದಿರಾ? ಯಾವ ದರಕ್ಕೆ ಹೋಲಿಸಿ?

ಪರ್ಚೇಸ್ ವಿಭಾಗದವರ ರೆಸ್ಯೂಮೆಗಳನ್ನು ಸಾಲಾಗಿ ಇಟ್ಟು ಓದಿದರೆ ಎಲ್ಲವೂ ಒಬ್ಬರೇ ಬರೆದಂತೆ ಕಾಣುತ್ತವೆ. ‘ಸಪ್ಲೈಯರ್‌ಗಳೊಂದಿಗೆ ನೆಗೋಷಿಯೇಷನ್ ನಡೆಸಿ ಗಣನೀಯ ಉಳಿತಾಯ ತಂದಿದ್ದೇನೆ’ ಎಂಬ ಸಾಲು ಇಲ್ಲದ ಪ್ರೊಫೈಲ್ ಸಿಗುವುದೇ ಅಪರೂಪ. ಇಂಟರ್‌ವ್ಯೂ ಮೇಜಿನ ಆಚೆ ಫೈನಾನ್ಸ್‌ನವರೊಬ್ಬರು ಕೂತಿದ್ದರೆ ಅವರು ಕೇಳುವುದು ಮೂರೇ ಪ್ರಶ್ನೆ: ಯಾವ ದರಕ್ಕೆ ಹೋಲಿಸಿದಿರಿ, ಯಾವ ತಿಂಗಳಿಂದ ಜಾರಿಗೆ ಬಂತು, ಲೆಕ್ಕವನ್ನು ಒಪ್ಪಿದವರು ಯಾರು? ಈ ಮೂರಕ್ಕೂ ಉತ್ತರ ಇರುವ ಸಾಲನ್ನು ಕಟ್ಟುವ ಬಗೆ ಇಲ್ಲಿದೆ. ನಿಮ್ಮ ರೆಸ್ಯೂಮೆ ಇಂಗ್ಲಿಷಿನಲ್ಲೇ ಇರಬಹುದು, ಲೆಕ್ಕ ಮಾತ್ರ ಇದೇ.

1. ಮಾರುಕಟ್ಟೆ ಕೊಟ್ಟದ್ದನ್ನು ನಿಮ್ಮ ಖಾತೆಗೆ ಬರೆದುಕೊಳ್ಳಬೇಡಿ

ಉದಾಹರಣೆಗೆ ಒಂದು ಬಿಡಿಭಾಗ ಹಿಡಿಯೋಣ. ಪೀಣ್ಯದ ಒಂದು ಕಾರ್ಖಾನೆ ವರ್ಷಕ್ಕೆ 1,20,000 ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಕೊಳ್ಳುತ್ತದೆ. ಒಂದರ ತೂಕ ಅರ್ಧ ಕಿಲೋ, ಹಳೆಯ ದರ 184 ರೂಪಾಯಿ. ಮಾತುಕತೆಯ ನಂತರ 171ಕ್ಕೆ ಇಳಿಯಿತು. ಪೀಸಿಗೆ 13 ರೂಪಾಯಿಯಂತೆ 15.6 ಲಕ್ಷ. ಹೆಚ್ಚಿನವರು ಇದನ್ನು ಹಾಗೇ ರೆಸ್ಯೂಮೆಗೆ ಹಾಕಿಬಿಡುತ್ತಾರೆ.

ಈಗ ಲೋಹದ ದರ ನೋಡಿ. ಅದೇ ಅವಧಿಯಲ್ಲಿ ಮಿಶ್ರಲೋಹದ ಬೆಲೆ ಕಿಲೋಗೆ 220ರಿಂದ 208ಕ್ಕೆ ಬಂದಿತ್ತು ಎಂದುಕೊಳ್ಳಿ. ಅರ್ಧ ಕಿಲೋಗೆ 6 ರೂಪಾಯಿ. ಆ ಆರು ರೂಪಾಯಿಯನ್ನು ನೀವು ಕೇಳದಿದ್ದರೂ ಪೂರೈಕೆದಾರ ಬಿಡಬೇಕಿತ್ತು. ಲೋಹದ ದರಕ್ಕೆ ಜೋಡಿಸಿದ ಒಪ್ಪಂದವಿದ್ದರೆ ತಿದ್ದುಪಡಿ ತನ್ನಷ್ಟಕ್ಕೆ ಆಗುತ್ತಿತ್ತು. ನಿಮ್ಮ ದುಡಿಮೆ ಉಳಿದ 7 ರೂಪಾಯಿ, ಅಂದರೆ ವರ್ಷಕ್ಕೆ 8.4 ಲಕ್ಷ.

ಹೊಸ ದರ ಅಕ್ಟೋಬರ್‌ನಿಂದ ಜಾರಿ ಎಂದರೆ ಆ ಹಣಕಾಸು ವರ್ಷದಲ್ಲಿ ಸಿಕ್ಕಿದ್ದು ಆರು ತಿಂಗಳ 60,000 ಪೀಸಿನ ಲಾಭ, 4.2 ಲಕ್ಷ. ಈ ದರಕ್ಕಾಗಿ ಕಂಪನಿ ಏನಾದರೂ ಖರ್ಚು ಮಾಡಿದ್ದರೆ ಅದನ್ನೂ ಕಳೆಯಬೇಕು. ಇಲ್ಲಿ ರಟ್ಟಿನ ಪೆಟ್ಟಿಗೆಯ ಬದಲು ಮರಳಿ ಬಳಸುವ ಪ್ಲಾಸ್ಟಿಕ್ ಬಿನ್ ತಂದಿದ್ದಾರೆ. 300 ರೂಪಾಯಿಯ 400 ಬಿನ್‌ಗೆ 1.2 ಲಕ್ಷ. ಮೊದಲ ವರ್ಷ ಕೈಗೆ ಬಂದದ್ದು 3 ಲಕ್ಷ.

ಹದಿನೈದೂವರೆಯಿಂದ ಮೂರಕ್ಕೆ ಇಳಿದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಸಾಲು ಹೀಗಾಗುತ್ತದೆ: ‘ಲೋಹದ ದರ ಇಳಿಕೆಯನ್ನು ಹೊರತುಪಡಿಸಿ ಡೈ ಕಾಸ್ಟಿಂಗ್ ದರದಲ್ಲಿ 3.9% ಕಡಿತ; ವಾರ್ಷಿಕ 8.4 ಲಕ್ಷ, ಮೊದಲ ವರ್ಷ ಖರ್ಚು ಕಳೆದು 3 ಲಕ್ಷ; ಫೈನಾನ್ಸ್ ದೃಢೀಕರಿಸಿದೆ.’ ಲೋಹದ ಮಾತನ್ನು ನೀವೇ ಎತ್ತಿದ್ದೀರಿ ಎಂಬುದಷ್ಟೇ ಸಾಕು, ಅನುಭವಿ ಮ್ಯಾನೇಜರ್ ಪೆನ್ನು ಕೆಳಗಿಟ್ಟು ಮಾತಿಗೆ ಕೂರುತ್ತಾನೆ. ಫೈನಾನ್ಸ್ ನಿಜಕ್ಕೂ ಸಹಿ ಹಾಕಿಲ್ಲದಿದ್ದರೆ ಆ ಕೊನೆಯ ಮಾತನ್ನು ಬರೆಯಬೇಡಿ.

2. ಏನು ಕೊಟ್ಟು ಏನು ಪಡೆದಿರಿ ಎಂದು ಹೇಳಿ

‘ಗಟ್ಟಿಯಾಗಿ ಚೌಕಾಸಿ ಮಾಡಿದೆ’ ಎನ್ನುವುದನ್ನು ಯಾರು ಬೇಕಾದರೂ ಹೇಳಬಹುದು. ಮೇಲಿನ ಏಳು ರೂಪಾಯಿ ಎಲ್ಲಿಂದ ಬಂತು ಎಂಬುದೇ ನಿಮ್ಮ ಕಸುಬು. ಪೆಟ್ಟಿಗೆಯ ಬದಲು ಬಿನ್ ಬಂದದ್ದರಿಂದ 3 ರೂಪಾಯಿ. ಉಳಿದ 4 ರೂಪಾಯಿ ಬಂದದ್ದು ಶೆಡ್ಯೂಲ್‌ನಿಂದ: ವಾರಕ್ಕೊಮ್ಮೆ ಚೂರುಚೂರು ಆರ್ಡರ್ ಕೊಡುತ್ತಿದ್ದವರು ಮೂರು ತಿಂಗಳ ಶೆಡ್ಯೂಲ್ ಖಚಿತಪಡಿಸಿದರು. ಪೂರೈಕೆದಾರ ಒಮ್ಮೆ ಡೈ ಏರಿಸಿದರೆ ದೊಡ್ಡ ಬ್ಯಾಚ್ ತೆಗೆಯಬಹುದಾಯಿತು, ಪದೇ ಪದೇ ಸೆಟ್ಟಿಂಗ್ ಮಾಡುವ ಗಂಟೆಗಳು ಉಳಿದವು. ರೆಸ್ಯೂಮೆಯಲ್ಲಿ ಇದು ಒಂದೇ ಸಾಲು: ‘ಮೂರು ತಿಂಗಳ ಖಚಿತ ಶೆಡ್ಯೂಲ್ ಮತ್ತು ಮರುಬಳಕೆಯ ಬಿನ್ ಮೂಲಕ ದರದಲ್ಲಿ 3.9% ಕಡಿತ.’ ಪೂರೈಕೆದಾರನ ಮಾರ್ಜಿನ್ ಹಿಂಡಿ ಪಡೆದ ದರ ಆರು ತಿಂಗಳಲ್ಲಿ ಕಳಪೆ ಮಾಲಾಗಿಯೋ ತಡವಾದ ಲಾರಿಯಾಗಿಯೋ ವಾಪಸ್ ಬರುತ್ತದೆ ಎಂಬುದು ಓದುವವರಿಗೂ ಗೊತ್ತು. ಹಾಗಾಗಿ ದರ ಇಳಿದ ಮೇಲೆ ರಿಜೆಕ್ಷನ್ ಏರಲಿಲ್ಲ ಎಂಬುದಕ್ಕೆ ಅಂಕಿ ಇದ್ದರೆ ಪಕ್ಕದಲ್ಲೇ ಬರೆಯಿರಿ.

3. ತಡೆದ ಏರಿಕೆ ಬೇರೆ, ಉಳಿಸಿದ ಹಣ ಬೇರೆ

ಪೂರೈಕೆದಾರ 9% ಹೆಚ್ಚಿಸಿ ಎಂದ, ನೀವು 3%ಕ್ಕೆ ಒಪ್ಪಿಸಿದಿರಿ. ಒಳ್ಳೆಯ ಕೆಲಸವೇ. ಆದರೆ ಕಂಪನಿ ಕಳೆದ ವರ್ಷಕ್ಕಿಂತ ಹೆಚ್ಚು ಹಣ ಕೊಡುತ್ತಿದೆ, ಬಜೆಟ್ಟಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಇದನ್ನು ‘ಕಾಸ್ಟ್ ಅವಾಯ್ಡೆನ್ಸ್’ ಎಂದು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಕೊಟ್ಟವರ ಬಗ್ಗೆ ಬರುವ ಅನುಮಾನ ಉಳಿದ ಸಾಲುಗಳಿಗೂ ಅಂಟುತ್ತದೆ.

4. ವೆಂಡರ್ ಸಂಖ್ಯೆಯನ್ನು ಮಾತ್ರ ಬರೆದು ಬಿಡಬೇಡಿ

‘ವೆಂಡರ್ ಬೇಸ್ 46ರಿಂದ 29ಕ್ಕೆ ಇಳಿಸಿದೆ’ ಎಂಬ ಸಾಲಿಗೆ ಎರಡು ಅರ್ಥ ಇರಬಹುದು. ನಿಜಕ್ಕೂ ಖರೀದಿಯನ್ನು ಕೆಲವರ ಬಳಿ ಒಟ್ಟುಗೂಡಿಸಿರಬಹುದು. ಇಲ್ಲವೇ ಸಿಸ್ಟಂನಲ್ಲಿ ಎರಡು ವರ್ಷದಿಂದ ಒಂದು ಪಿಒ ಕೂಡ ಆಗದ ಹಳೆಯ ಕೋಡ್‌ಗಳನ್ನು ಬ್ಲಾಕ್ ಮಾಡಿರಬಹುದು. ಎರಡನೆಯದು ಮನೆ ಗುಡಿಸಿದ ಕೆಲಸ, ಬೇಕಾದದ್ದೇ, ಆದರೆ ಅದಕ್ಕೆ ಕನ್ಸಾಲಿಡೇಷನ್ ಎನ್ನಲಾಗದು. ಎಷ್ಟು ಖರೀದಿ ಮೌಲ್ಯ ಸ್ಥಳಾಂತರವಾಯಿತು ಎಂದು ಬರೆದರೆ ಗೊಂದಲ ಇರುವುದಿಲ್ಲ.

ಕಡಿಮೆ ಮಾಡಿದ್ದಷ್ಟೇ ಹಿರಿಮೆಯೂ ಅಲ್ಲ. ಒಬ್ಬನೇ ಪೂರೈಕೆದಾರನಿದ್ದ ಭಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡುವುದು ಇದಕ್ಕಿಂತ ಕಷ್ಟ: ಟೂಲ್ ಯಾರ ಹೆಸರಿನಲ್ಲಿದೆ ಎಂದು ನೋಡಬೇಕು, ಸ್ಯಾಂಪಲ್ ತರಿಸಬೇಕು, ವಾಹನ ಬಿಡಿಭಾಗವಾದರೆ ಪಿಪಿಎಪಿ ದಾಖಲೆಗೆ ಗ್ರಾಹಕ ಕಂಪನಿಯ ಒಪ್ಪಿಗೆ ಬೇಕು. ಇಂಥ ಎರಡು ಭಾಗಗಳನ್ನು ದಡ ಮುಟ್ಟಿಸಿದ್ದರೆ ಅದನ್ನೇ ಮೇಲಿನ ಸಾಲಿಗೆ ತನ್ನಿ.

5. ಕಂಪ್ಲಯನ್ಸ್‌ಗೆ ಕಾಯ್ದೆಯ ಹೆಸರು ಕೊಡಿ

‘ಎಲ್ಲ ನಿಯಮ ಪಾಲಿಸಿದ್ದೇನೆ’ ಎಂದರೆ ಏನೂ ಹೇಳಿದಂತಲ್ಲ. ಹೇಳಿಕೊಳ್ಳಲು ತಕ್ಕ ಕೆಲಸ ಪರ್ಚೇಸ್‌ನವರ ಕೈಯಲ್ಲೇ ಇದೆ. 2006ರ ಎಂಎಸ್ಎಂಇಡಿ ಕಾಯ್ದೆಯಂತೆ ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ಪಿಒದಲ್ಲಿ 90 ದಿನ ಎಂದು ಬರೆದುಕೊಂಡರೂ ಅದು ನಿಲ್ಲುವುದಿಲ್ಲ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿದ ಮೇಲೆ, ಗಡುವು ಮೀರಿ ಬಾಕಿ ಉಳಿದ ಬಿಲ್ಲನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಲು ಸಾಧ್ಯವಾಯಿತು. ಮಾರ್ಚ್ ಬಂತೆಂದರೆ ಅಕೌಂಟ್ಸ್‌ನವರು ‘ಯಾರ್ಯಾರು ಎಂಎಸ್ಎಂಇ?’ ಎಂದು ನಿಮ್ಮ ಟೇಬಲ್ಲಿಗೆ ಬರುವುದು ಇದಕ್ಕೇ.

ಉತ್ತರ ಇರುವುದು ವೆಂಡರ್ ಮಾಸ್ಟರ್‌ನಲ್ಲಿ. ಉದ್ಯಮ್ ಪ್ರಮಾಣಪತ್ರ ತರಿಸಿ, ಮೈಕ್ರೋ ಮತ್ತು ಸ್ಮಾಲ್ ಯಾರು, ಈ ತೆರಿಗೆ ನಿಯಮಕ್ಕೆ ಸೇರದ ಮೀಡಿಯಂ ಮತ್ತು ಟ್ರೇಡರ್ ಯಾರು ಎಂದು ಗುರುತು ಹಾಕಿ, ಪಿಒ ಷರತ್ತನ್ನು 45 ದಿನಕ್ಕೆ ತಿದ್ದಿದವರು ನೀವಾದರೆ ಅದನ್ನೇ ಬರೆಯಿರಿ. ಎಷ್ಟು ವೆಂಡರ್, ಎಷ್ಟು ಬಾಕಿ ಗಡುವಿನೊಳಗೆ ಬಂತು ಎಂಬ ಎರಡು ಅಂಕಿ ಸಾಕು. ಬಿಲ್ ಬಂದ ಮೇಲೆ ಪಿಒ ಮಾಡುವ ಹಳೆಯ ಚಾಳಿಯನ್ನು ತಗ್ಗಿಸಿದ್ದರೆ ಅದೂ ಇಲ್ಲಿಗೇ ಸೇರುತ್ತದೆ. ಪಿಒ ದಿನಾಂಕ ಮತ್ತು ಬಿಲ್ ದಿನಾಂಕ ಹೋಲಿಸಿದರೆ ಪ್ರಮಾಣ ತಾನೇ ಸಿಗುತ್ತದೆ. ಕರ್ನಾಟಕದ ಸರ್ಕಾರಿ ನಿಗಮದಲ್ಲಿದ್ದವರು 1999ರ ಪಾರದರ್ಶಕತೆ ಕಾಯ್ದೆಯಡಿ ಎಂಥ ಟೆಂಡರ್ ನಡೆಸಿದಿರಿ ಎಂದು ಹೇಳಿ.

6. ಪೂರೈಕೆದಾರನ ಹೆಸರು, ದರ ಬೇಡ

ಮೇಲಿನ ಉದಾಹರಣೆಯ 171 ರೂಪಾಯಿ ನಿಮ್ಮ ಹಳೆಯ ಕಂಪನಿಯ ಗುಟ್ಟು. ಶೇಕಡಾವಾರು ಇಳಿಕೆ, ಖರೀದಿಯ ಅಂದಾಜು ಗಾತ್ರ, ಮಾಲಿನ ಬಗೆ, ಇಷ್ಟು ಕೊಡಿ. ಇಂಟರ್‌ವ್ಯೂನಲ್ಲಿ ‘ಆ ಕಾಸ್ಟಿಂಗ್ ಯಾರ ಹತ್ತಿರ, ಎಷ್ಟಕ್ಕೆ ತರುತ್ತಿದ್ದಿರಿ?’ ಎಂದು ನಗುತ್ತಾ ಕೇಳುವವರಿದ್ದಾರೆ, ಅದರಲ್ಲೂ ಅದೇ ಮಾಲು ಕೊಳ್ಳುವ ಪ್ರತಿಸ್ಪರ್ಧಿ ಕಂಪನಿಯವರು. ‘ಸಾರ್, ಅದನ್ನು ಹೇಳುವ ಹಾಗಿಲ್ಲ, ದರ ಹೇಗೆ ಒಡೆದು ನೋಡಿದೆವು ಅಂತ ಬೇಕಾದರೆ ಹೇಳ್ತೀನಿ’ ಎಂದು ಲೋಹ, ಪ್ರೊಸೆಸ್, ಪ್ಯಾಕಿಂಗ್ ಎಂದು ಹಾಳೆಯ ಮೇಲೆ ಮೂರು ಗೆರೆ ಎಳೆದು ತೋರಿಸಿ.