ಸುತ್ತೋಲೆಯ ಕೊನೆಯ ಪುಟವೇ ಇರಲಿಲ್ಲ!

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಪ್ರವಾಸದ ಸುತ್ತೋಲೆಯ ಮೂರನೇ ಪುಟ ಮುದ್ರಣದಲ್ಲಿ ಬಿಟ್ಟುಹೋಗಿದೆ. ಹಣ ವಾಪಸಾತಿಯ ನಿಯಮ, ಒಪ್ಪಿಗೆ ಚೀಟಿ ಅದರಲ್ಲೇ ಇದ್ದವು. ಕೆಲವು ಪೋಷಕರು ಡೈರಿಯಲ್ಲೇ ಒಪ್ಪಿಗೆ ಬರೆದು ಹಣ ಕಟ್ಟಿದ್ದಾರೆ. ಈಗೇನು ಮಾಡಲಿ?

ವಕೀಲರ ಉತ್ತರ: ಮೇಡಂ, ಬಿಟ್ಟುಹೋದ ಪುಟವನ್ನಷ್ಟೇ ಕಳಿಸಬೇಡಿ. ಅದು ಹಳೆಯ ಹಾಳೆಗಳಿಂದ ಬೇರೆಯಾಗಿ ಕಳೆದುಹೋಗುತ್ತದೆ. ಮೂರೂ ಪುಟ ಮತ್ತೆ ಮುದ್ರಿಸಿ, ಹಳೆಯ ಸುತ್ತೋಲೆ ಸಂಖ್ಯೆಯ ಮುಂದೆ ‘ತಿದ್ದುಪಡಿ’ ಎಂದು ಸೇರಿಸಿ, ಹೊಸ ದಿನಾಂಕ ಹಾಕಿ. ‘ಪುಟ 1/3’ ಎಂದು ನಮೂದಿಸಿದರೆ ಕೊರತೆ ಪೋಷಕರಿಗೇ ಗೊತ್ತಾಗುತ್ತದೆ. ಎರಡೂ ಬದಿ ಮುದ್ರಿಸಿದಾಗ ಮೂರನೇ ಪುಟ ಒಂಟಿ ಹಾಳೆಯಾಗುತ್ತದೆ. ಪಿನ್ ಹೊಡೆಯುವಾಗ ತಪ್ಪುವುದು ಅದೇ.

ಜೊತೆಗಿನ ಪತ್ರ ಚಿಕ್ಕದಿರಲಿ: “ಹಿಂದಿನ ಸುತ್ತೋಲೆಯಲ್ಲಿ ಮೂರನೇ ಪುಟ ಇರಲಿಲ್ಲ. ತಪ್ಪು ಶಾಲೆಯದು. ಪೂರ್ಣ ಪ್ರತಿ ಲಗತ್ತಿಸಿದೆ. ಓದಿ, ಒಪ್ಪಿಗೆ ಚೀಟಿಗೆ ಸಹಿ ಮಾಡಿ ಕಳಿಸಿ. ಕೊನೆಯ ದಿನವನ್ನು ಒಂದು ವಾರ ಮುಂದೂಡಿದ್ದೇವೆ. ಈಗ ಬೇಡವೆನ್ನುವವರಿಗೆ ಪೂರ್ತಿ ಹಣ ವಾಪಸ್.” ಮುದ್ರಕರನ್ನು ದೂರುವ ಸಾಲು ಬೇಡ.

ಡೈರಿಯ ಒಪ್ಪಿಗೆಯನ್ನು ನೆಚ್ಚಬೇಡಿ. ಕಾಣದ ಷರತ್ತಿಗೆ ಒಪ್ಪಿದ್ದಾರೆಂದು ವಾದಿಸುವುದು ಕಷ್ಟ. ಎಲ್ಲರಿಂದಲೂ ಹೊಸ ಸಹಿ ಪಡೆದು, ಎರಡೂ ಆವೃತ್ತಿಗಳನ್ನು ಕಡತದಲ್ಲಿಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೂ ಚೀಟಿ ಕಾಗದದಲ್ಲೇ ಬರಲಿ.

ಯಾರಾದರೂ ಲಿಖಿತ ದೂರು ಅಥವಾ ನೋಟಿಸ್ ಕೊಟ್ಟರೆ, ಉತ್ತರಿಸುವ ಮೊದಲು ಆಡಳಿತ ಮಂಡಳಿಗೆ ತಿಳಿಸಿ, ವಕೀಲರಿಗೆ ಎರಡೂ ಪ್ರತಿ ತೋರಿಸಿ.